‘ಇದ್ದ ಸ್ಥಿತಿಯಲ್ಲಿ’ ಎಂದು ಬರೆದರೆ ಏನು ಮುಗಿಯುತ್ತದೆ, ಏನು ಉಳಿಯುತ್ತದೆ?

ದಾವಣಗೆರೆಯಲ್ಲಿ ಹಳೇ ಗಾಡಿ ಕೈ ಬದಲಾಗುವಾಗ ಬಾಂಡ್ ಪೇಪರಿನ ಮೇಲೆ ಹೆಚ್ಚುಕಡಿಮೆ ಇದೇ ಸಾಲು ಟೈಪ್ ಆಗುತ್ತದೆ: “ಸದರಿ ವಾಹನವನ್ನು ಇದ್ದ ಸ್ಥಿತಿಯಲ್ಲಿ ಮಾರಾಟ ಮಾಡಿದ್ದು, ಇನ್ನು ಮುಂದೆ ವಾಹನಕ್ಕೂ ನನಗೂ ಯಾವುದೇ ಸಂಬಂಧವಿರುವುದಿಲ್ಲ.” ಈ ಸಾಲಿನ ಮೊದಲರ್ಧಕ್ಕೆ ಬಲವಿದೆ. ಎರಡನೇ ಅರ್ಧವನ್ನು ನಂಬಿ ನೆಮ್ಮದಿಯಾಗಿ ಮಲಗುವಂತಿಲ್ಲ.

‘ಇದ್ದ ಸ್ಥಿತಿಯಲ್ಲಿ’ ಎಂದರೆ ಕೊಳ್ಳುವವರು ಗಾಡಿ ನೋಡಿದ್ದಾರೆ, ಓಡಿಸಿದ್ದಾರೆ, ಬೇಕಿದ್ದರೆ ಮೆಕ್ಯಾನಿಕ್‌ಗೂ ತೋರಿಸಿ ಒಪ್ಪಿದ್ದಾರೆ ಎಂದರ್ಥ. ವಾರ ಕಳೆದ ಮೇಲೆ ಕ್ಲಚ್ ಹೋಯಿತು, ಎಸಿ ತಣ್ಣಗಾಗುತ್ತಿಲ್ಲ ಎಂದು ದುಡ್ಡು ವಾಪಸ್ ಕೇಳಲು ಆಗ ದಾರಿ ಇರುವುದಿಲ್ಲ. ಆದರೆ ಈ ಮಾತು ಸುಳ್ಳನ್ನು ಮುಚ್ಚುವುದಿಲ್ಲ. ಕಿಲೋಮೀಟರ್ ಮೀಟರ್ ಹಿಂದಕ್ಕೆ ತಿರುಗಿಸಿದ್ದರೆ, ಆಕ್ಸಿಡೆಂಟ್ ಆಗಿದೆಯಾ ಎಂದು ಕೇಳಿದಾಗ ಇಲ್ಲ ಎಂದಿದ್ದರೆ ಅದು ಮೋಸ. ಕರಾರನ್ನೇ ರದ್ದು ಮಾಡಿಸುವ ಹಕ್ಕು ಕೊಂಡವರಿಗೆ ಇರುತ್ತದೆ. ಕೇಳದೇ ಇದ್ದದ್ದನ್ನು ಮಾರುವವರು ತಾವಾಗಿ ಹೇಳಲಿಲ್ಲ ಎಂಬಷ್ಟಕ್ಕೇ ಸಾಮಾನ್ಯವಾಗಿ ಮೋಸ ಎನ್ನಲಾಗದು. ಅದಕ್ಕೇ ಕೊಳ್ಳುವವರು ಬಾಯಿಬಿಟ್ಟು ಕೇಳಬೇಕು, ಬಂದ ಉತ್ತರವನ್ನು ಕರಾರಿನಲ್ಲಿ ಬರೆಸಬೇಕು.

ಒಂದು ವ್ಯವಹಾರ ಊಹಿಸಿಕೊಳ್ಳಿ. ದಾವಣಗೆರೆಯ ಹಿರಿಯರೊಬ್ಬರ ಕೆಎ-17 ಕಾರು, ಕೊಳ್ಳುವ ಹುಡುಗ ಭರಮಸಾಗರದವನು, ಮಾತಾದ ಬೆಲೆ 1,85,000 ರೂಪಾಯಿ. ಹುಡುಗ ಆರ್‌ಸಿ ತಿರುಗಿಸಿ ನೋಡುತ್ತಾನೆ, ಬ್ಯಾಂಕಿನ ಹೆಸರಿದೆ. “ಲೋನ್ ತೀರಿ ನಾಕು ವರ್ಷ ಆತು ತಮ್ಮಾ, ಹೆಸ್ರು ಹಂಗೇ ಉಳ್ದೈತಿ ಅಷ್ಟೇ,” ಎನ್ನುತ್ತಾರೆ ಹಿರಿಯರು. ಅವರು ಹೇಳುತ್ತಿರುವುದು ನಿಜವೇ. ಆದರೂ ಬ್ಯಾಂಕಿನ ಲಿಖಿತ ಒಪ್ಪಿಗೆ ಇಲ್ಲದೆ ಆರ್‌ಟಿಒ ಹೆಸರು ವರ್ಗಾಯಿಸುವುದಿಲ್ಲ. ಬ್ಯಾಂಕಿನಿಂದ ಎನ್‌ಒಸಿ ತಂದು, ಬ್ಯಾಂಕೂ ಮಾಲೀಕರೂ ಸಹಿ ಹಾಕಿದ ಫಾರಂ 35 ಕೊಟ್ಟು ಆ ಹೆಸರನ್ನು ತೆಗೆಸಬೇಕು. ಅದು ಮಾರುವವರ ಕೆಲಸ. ಹುಡುಗ ಮೊಬೈಲಿನಲ್ಲಿ ಗಾಡಿ ನಂಬರ್ ಹಾಕಿ ನೋಡಿದಾಗ 1,500 ರೂಪಾಯಿಯ ಟ್ರಾಫಿಕ್ ದಂಡವೂ ಬಾಕಿ ಕಂಡಿತು. ಇಂಥ ಬಾಕಿಗೆ “ಇದ್ದ ಸ್ಥಿತಿಯಲ್ಲಿ” ಎಂಬ ಮಾತು ಉತ್ತರವಲ್ಲ. ಕರಾರಿನಲ್ಲಿ ಹೀಗೆ ಬೇರೆ ಸಾಲೇ ಬೇಕು: “ಗಾಡಿ ಒಪ್ಪಿಸಿದ ದಿನಾಂಕ ಮತ್ತು ಸಮಯದವರೆಗಿನ ಸಾಲ, ತೆರಿಗೆ, ದಂಡ ಮಾರಿದವರದು, ಬಿಲ್ ಯಾವಾಗ ಬಂದರೂ ಸರಿ. ಆಮೇಲಿನದು ಕೊಂಡವರದು.” ‘ಬಿಲ್ ಯಾವಾಗ ಬಂದರೂ’ ಎಂಬುದನ್ನು ಬಿಡಬೇಡಿ. ಕ್ಯಾಮೆರಾ ಹಿಡಿದ ದಂಡ ಎಷ್ಟೋ ಸಲ ತಡವಾಗಿ ಕಾಣಿಸುತ್ತದೆ.

ಇನ್ನು ಆ ಸಾಲಿನ ಎರಡನೇ ಅರ್ಧ. ಮಾರುವವರಿಗೆ ದೊಡ್ಡ ಪೆಟ್ಟು ಬೀಳುವುದು ಇಲ್ಲೇ. ಮೋಟಾರು ವಾಹನ ಕಾಯ್ದೆಯ ಲೆಕ್ಕದಲ್ಲಿ ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು. ಒಂದು ಕಾರು ಹಲವು ಕೈ ದಾಟಿ, ಆರ್‌ಸಿ ಮಾತ್ರ ಮೊದಲಿನವರ ಹೆಸರಲ್ಲೇ ಉಳಿದಿದ್ದ ಪ್ರಕರಣದಲ್ಲಿ ಅಪಘಾತದ ಪರಿಹಾರ ಕೊಡಬೇಕಾದವರು ಆ ಮೊದಲಿನವರೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ನಿಮ್ಮ ಬಾಂಡ್ ಪೇಪರ್ ನಿಮ್ಮಿಬ್ಬರ ನಡುವಿನ ಮಾತು. ಗಾಡಿ ಗುದ್ದಿಸಿಕೊಂಡ ಮೂರನೆಯವರನ್ನು ಅದು ಕಟ್ಟಿಹಾಕುವುದಿಲ್ಲ.

ಹೀಗಾಗಿ ಫಾರಂ 29 ಮತ್ತು 30ಕ್ಕೆ ದುಡ್ಡು ಎಣಿಸುವ ದಿನವೇ ಸಹಿ ಆಗಬೇಕು. 29 ಮಾರಿದೆ ಎಂಬ ತಿಳಿವಳಿಕೆ, 30 ಹೆಸರು ಬದಲಿಸಲು ಅರ್ಜಿ. ರಾಜ್ಯದೊಳಗಿನ ಮಾರಾಟವನ್ನು ಮಾರಿದವರು 14 ದಿನದಲ್ಲಿ, ಕೊಂಡವರು 30 ದಿನದಲ್ಲಿ ತಿಳಿಸಬೇಕು. ನಮ್ಮ ಹುಡುಗನ ವಿಳಾಸ ಚಿತ್ರದುರ್ಗ ಜಿಲ್ಲೆಯದಾದ್ದರಿಂದ ಅವನ ಅರ್ಜಿ ಹೋಗುವುದು ಚಿತ್ರದುರ್ಗದ ಆರ್‌ಟಿಒಗೆ. ಇನ್ಶೂರೆನ್ಸ್ ತನ್ನ ಹೆಸರಿಗೆ ಮಾಡಿಸಿಕೊಳ್ಳಲು 14 ದಿನದಲ್ಲಿ ಕಂಪನಿಗೂ ಅವನೇ ತಿಳಿಸಬೇಕು. ಖಾಲಿ ಫಾರಂಗೆ ಸಹಿ ಹಾಕಿ ಕೊಟ್ಟು ಕಳಿಸುವ ರೂಢಿ ಮಾತ್ರ ದಯವಿಟ್ಟು ಬಿಡಿ. ಕೊಂಡವರ ಹೆಸರಿಲ್ಲದ ಆ ಫಾರಂ ಹಿಡಿದು ಗಾಡಿ ಮೂರನೇ ಕೈಗೆ, ನಾಲ್ಕನೇ ಕೈಗೆ ಹೋಗುತ್ತದೆ.

ಕೊನೆಗೆ ಡೆಲಿವರಿ ನೋಟ್. ಹಿರಿಯರು ಬರೆದುಕೊಟ್ಟದ್ದು ಅರ್ಧ ಹಾಳೆ: ದಿನಾಂಕ, ಸಂಜೆ 5-40, ಮೀಟರ್ 82,316 ಕಿ.ಮೀ., ಕೀ ಎರಡು, ಅಸಲು ಆರ್‌ಸಿ, ಬ್ಯಾಂಕಿನ ಎನ್‌ಒಸಿ, ಇನ್ಶೂರೆನ್ಸ್ ಪ್ರತಿ, ಸ್ಟೆಪ್ನಿ, ಜಾಕ್. ಕೆಳಗೆ ಇಬ್ಬರ ಸಹಿ, ಇಬ್ಬರು ಸಾಕ್ಷಿ. ತಮ್ಮ ಫಾಸ್ಟ್‌ಟ್ಯಾಗ್ ಮುಚ್ಚಿಸಿ ಗಾಜಿನಿಂದ ಕಿತ್ತುಕೊಂಡರು, ಹುಡುಗನ ಆಧಾರ್ ಪ್ರತಿ ಇಟ್ಟುಕೊಂಡರು. ಆರ್‌ಸಿಯಲ್ಲಿ ಹುಡುಗನ ಹೆಸರು ಬರುವವರೆಗೆ ವಾರಕ್ಕೊಮ್ಮೆ ಗಾಡಿ ನಂಬರ್ ಹಾಕಿ ನೋಡುತ್ತಿದ್ದರು.