ಬಿಸಿಬೇಳೆ ಬಾತ್ ಪುಟ ಕೂಡಿಸುವುದು ಹೀಗೆ

ಮನೆಯ ಅಡುಗೆಪುಸ್ತಕ ಮಾಡಿಸಲು ಬರುವವರು ಮೊದಲು ಕೇಳುವುದು ಫೋಟೋ ಬಗ್ಗೆ. ಪುಟ ವಿನ್ಯಾಸ ಮಾಡುವ ನಾನು ಶುರು ಮಾಡುವುದು ಸಾಮಾನಿನ ಪಟ್ಟಿಯಿಂದ. ಒಲೆ ಮುಂದೆ ನಿಂತವರು ಮತ್ತೆ ಮತ್ತೆ ನೋಡುವುದು ಅದನ್ನೇ ಅಲ್ವಾ?

ಬಿಸಿಬೇಳೆ ಬಾತ್ ತಗೊಳ್ಳಿ. ಇಪ್ಪತ್ತು ಸಾಮಾನು ಒಂದೇ ಉದ್ದಕ್ಕೆ ಬರೆದು ಕೊಡುತ್ತಾರೆ. ಅದರಲ್ಲಿ ಬ್ಯಾಡಗಿ ಮೆಣಸಿನಕಾಯಿ ಪುಡಿಗೂ ಬೇಕು, ಒಗ್ಗರಣೆಗೂ ಬೇಕು. ಪಟ್ಟಿಯಲ್ಲಿ ಮಾತ್ರ ಒಂದೇ ಸಲ, ‘10’ ಅಂತ ಇರುತ್ತದೆ. ಹೊಸಬರು ಹತ್ತನ್ನೂ ಪುಡಿಗೆ ಹುರಿದುಬಿಡುತ್ತಾರೆ. ಹಾಗಾಗಿ ನಾನು ಪಟ್ಟಿಯನ್ನು ಪುಡಿಗೆ, ಬೇಯಿಸಲು, ಹುಳಿಗೆ, ಒಗ್ಗರಣೆಗೆ ಎಂದು ನಾಲ್ಕು ಗುಂಪು ಮಾಡುತ್ತೇನೆ. ಪುಡಿಗೆ 8 ಮೆಣಸಿನಕಾಯಿ, ಒಗ್ಗರಣೆಗೆ 2. ಗುಂಪಿನೊಳಗೆ ಬಾಣಲೆಗೆ ಬೀಳುವ ಕ್ರಮದಲ್ಲೇ ಹೆಸರುಗಳು. ಕಡ್ಲೆಬೇಳೆ ಮೊದಲು, ಬೇಗ ಸೀಯುವ ಗಸಗಸೆ ಕೊನೆಗೆ.

ಅಳತೆ ಹೆಸರಿನ ಪಕ್ಕದಲ್ಲೇ ಇರಲಿ. ಹೆಸರು ಎಡತುದಿಗೆ, ಅಳತೆ ಬಲತುದಿಗೆ ಇಟ್ಟರೆ ನೋಡಲು ಚೆಂದ. ಆದರೆ ನಡುವಿನ ಖಾಲಿ ಜಾಗದಲ್ಲಿ ಕಣ್ಣು ಸಾಲು ತಪ್ಪುತ್ತದೆ. ‘ನಿಂಬೆಹಣ್ಣಿನ ಗಾತ್ರದ ಹುಣಸೆಹಣ್ಣು’ ಅನ್ನುವ ಅಜ್ಜಿಯ ಮಾತನ್ನು ತೆಗೆಯಬೇಡಿ. ಅವರಿಂದಲೇ ಒಂದು ಸಲ ತಕ್ಕಡಿಗೆ ಹಾಕಿಸಿ, ಮುಂದೆ ‘ಸುಮಾರು 30 ಗ್ರಾಂ’ ಅಂತ ಸೇರಿಸಿ. ‘ಒಂದು ಪಾವು ಅಕ್ಕಿ’ ಇದ್ದರೂ ಅಷ್ಟೇ, ಅವರ ಮನೆಯ ಪಾವಿನಲ್ಲೇ ಅಳೆದು ತೂಗಿಸಿ.

ಮಾಡುವ ವಿಧಾನಕ್ಕೆ ಅಂಕಿ ಹಾಕುವಾಗ ಒಂದು ಅಂಕಿಗೆ ಒಂದೇ ಕೆಲಸ. ಹೇಳುವವರು ಹುಣಸೆ ನೆನೆಸಿದ್ದನ್ನು ಅರ್ಧ ಅಡುಗೆ ಆದ ಮೇಲೆ ನೆನಪು ಮಾಡಿಕೊಳ್ಳುತ್ತಾರೆ. ಪುಸ್ತಕದಲ್ಲಿ ಅದು 1ನೇ ಹಂತವಾಗಬೇಕು. ಪಟ್ಟಿಯ ಗುಂಪಿನ ಹೆಸರನ್ನೇ ಹಂತದಲ್ಲೂ ದಪ್ಪಕ್ಷರದಲ್ಲಿ ಕೊಡಿ: ‘4. ಹುಳಿಗೆ ಇಟ್ಟ ತರಕಾರಿ ಹಾಕಿ’. ಕಣ್ಣು ನೇರ ಆ ಗುಂಪಿಗೇ ಹೋಗುತ್ತದೆ.

ಎ5 ಪುಟದಲ್ಲಿ ಪಟ್ಟಿಗೆ 40 ಮಿ.ಮೀ. ಅಗಲ, ಹಂತಗಳಿಗೆ 73 ಮಿ.ಮೀ., ನಡುವೆ 5 ಸಾಕು. ಅಕ್ಷರ 11 ಪಾಯಿಂಟ್ ಇದ್ದರೆ ಸಾಲಿಂದ ಸಾಲಿಗೆ 17 ಪಾಯಿಂಟ್ ಕೊಡುತ್ತೇನೆ. ಇಂಗ್ಲಿಷಿನ ಲೆಕ್ಕದಲ್ಲಿ 13 ಇಟ್ಟರೆ ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗುತ್ತವೆ.

ಇಷ್ಟು ಉದ್ದದ ಅಡುಗೆಗೆ ಅದೇ ಪುಟದಲ್ಲಿ ಫೋಟೋ ತುರುಕಬೇಡಿ. ಫೋಟೋ ಎಡಪುಟಕ್ಕೆ, ಬರಹ ಬಲಪುಟಕ್ಕೆ. ಆಗ ಹಿಟ್ಟು, ಎಣ್ಣೆ ಮೆತ್ತಿದ ಕೈಯಲ್ಲಿ ಪುಟ ತಿರುಗಿಸುವ ಕೆಲಸವಿಲ್ಲ. ಎ5 ಪುಟ ಪೂರ್ತಿ ತುಂಬಲು 300 ಡಿಪಿಐ ಲೆಕ್ಕದಲ್ಲಿ ಸುಮಾರು 1750 × 2480 ಪಿಕ್ಸೆಲ್ ಬೇಕು, ಅಂಚು ಕತ್ತರಿಸಲು ಸುತ್ತ 3 ಮಿ.ಮೀ. ಜಾಸ್ತಿ. ವಾಟ್ಸಾಪ್‌ನಲ್ಲಿ ಸುಮ್ನೆ ಫೋಟೋ ಅಂತ ಕಳಿಸಿದರೆ ಕುಗ್ಗುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿ.

ಕೊತ್ತಂಬರಿ ಸೊಪ್ಪಿನ ಅಲಂಕಾರದ ಬಟ್ಟಲಿಗಿಂತ, ಒಲೆಯಿಂದ ಇಳಿಸಿದ ಕೂಡಲೇ ಸೌಟಿನಿಂದ ಬೀಳುತ್ತಿರುವ ಬಾತ್‌ನ ಫೋಟೋ ನನಗೆ ಬೇಕು. ಆರಿದ ಮೇಲೆ ಬಾತ್ ಗಟ್ಟಿಯಾಗುತ್ತದೆ. ಇಳಿಸುವಾಗ ಎಷ್ಟು ತೆಳ್ಳಗಿರಬೇಕು ಅನ್ನುವುದನ್ನು ಯಾವ ಹಂತದ ಬರಹಕ್ಕಿಂತಲೂ ಆ ಫೋಟೋ ಚೆನ್ನಾಗಿ ಹೇಳುತ್ತದೆ.