ಸ್ಪೆಷಲ್ ಅಲೊವನ್ಸ್ ಅಂದರೆ ಉಳಿದ ಮೊತ್ತ

ಹುಬ್ಬಳ್ಳಿಯ ಗೋಕುಲ ರಸ್ತೆಯ ಕಾರ್ಖಾನೆಗಳಿಂದ ಹಿಡಿದು ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದವರೆಗೆ, ಹೊಸದಾಗಿ ಕೆಲಸಕ್ಕೆ ಸೇರಿದವರ ಬಾಯಲ್ಲಿ ಈ ಮಾತು ಕೇಳಿ ಕೇಳಿ ಸಾಕಾಗಿದೆ: "ಬೇಸಿಕ್ ಕಡಿಮಿ ಐತಿ, ಆದ್ರ ಸ್ಪೆಷಲ್ ಬ್ಯಾರೆ ಕೊಡ್ತಾರ." ಈಗ ಕೆಲವು ತಿಂಗಳಿಂದ ಇದರ ತದ್ವಿರುದ್ಧ ದೂರು ಶುರುವಾಗಿದೆ: "ನಮ್ಮ ಸ್ಪೆಷಲ್ ಅಲೊವನ್ಸ್ ಕಟ್ ಮಾಡ್ಯಾರ." ಎರಡೂ ಮಾತಿನ ಹಿಂದಿರುವ ತಪ್ಪು ತಿಳಿವಳಿಕೆ ಒಂದೇ. ವಿಶೇಷ ಭತ್ಯೆ ಎಂದರೆ ಯಾವುದೋ ವಿಶೇಷಕ್ಕಾಗಿ ಪಗಾರದ ಮೇಲೆ ಕೊಡುವ ಹಣ ಎಂಬ ನಂಬಿಕೆ ಅದು. ಖಾಸಗಿ ಕಂಪನಿಯ ಪ್ಯಾಕೇಜಿನಲ್ಲಿ ಅದು ಹಾಗಿಲ್ಲ. ವರ್ಷದ ಒಟ್ಟು ಮೊತ್ತದಿಂದ ಬೇಸಿಕ್, ಮನೆ ಬಾಡಿಗೆ ಭತ್ಯೆ, ಕಂಪನಿಯ ಪಾಲಿನ ಪಿಎಫ್ ಇವನ್ನೆಲ್ಲ ಕಳೆದ ಮೇಲೆ ಏನು ಉಳಿಯುತ್ತದೋ ಅದರ ಹೆಸರು ಸ್ಪೆಷಲ್ ಅಲೊವನ್ಸ್. ಮೊತ್ತ ತಾಳೆಯಾಗಲೆಂದು ಇಟ್ಟ ಸಾಲು ಅದು.

ಈ ಗೊಂದಲ ನಮ್ಮ ಕಡೆ ಇಷ್ಟು ಗಟ್ಟಿಯಾಗಿರುವುದಕ್ಕೆ ಕಾರಣವಿದೆ. ಹುಬ್ಬಳ್ಳಿ-ಧಾರವಾಡದಲ್ಲಿ ರೈಲ್ವೆ, ವಿಶ್ವವಿದ್ಯಾಲಯ, ಬ್ಯಾಂಕು, ಸರಕಾರಿ ಶಾಲೆಗಳಲ್ಲಿ ದುಡಿದವರ ಮನೆಗಳು ಬಹಳ. ಮಕ್ಕಳ ಆಫರ್ ಲೆಟರನ್ನು ಅಪ್ಪ ಓದುವುದು ತನ್ನ ಪಗಾರ ಚೀಟಿಯ ಅಭ್ಯಾಸದಲ್ಲಿ. ಸರಕಾರಿ ಪಗಾರವನ್ನು ಕೆಳಗಿನಿಂದ ಮೇಲಕ್ಕೆ ಕಟ್ಟುತ್ತಾರೆ. ವೇತನ ಶ್ರೇಣಿಯಲ್ಲಿ ಮೂಲ ವೇತನ ಮೊದಲು ನಿಲ್ಲುತ್ತದೆ, ಅದರ ಮೇಲೆ ತುಟ್ಟಿ ಭತ್ಯೆ, ಊರಿನ ದರ್ಜೆ ನೋಡಿ ಮನೆ ಬಾಡಿಗೆ, ಹೊಣೆ ಹೆಚ್ಚಿದ್ದರೆ ವಿಶೇಷ ಭತ್ಯೆ. ಎಲ್ಲವನ್ನೂ ಕೂಡಿದಾಗ ಬಂದದ್ದು ಪಗಾರ. ಬ್ಯಾಂಕ್ ನೌಕರರ ವೇತನ ಒಪ್ಪಂದದಲ್ಲಿ ಸ್ಪೆಷಲ್ ಅಲೊವನ್ಸ್ ಮೂಲ ವೇತನದ ಇಂತಿಷ್ಟು ಶೇಕಡಾ ಎಂದು ಬರೆದೇ ಇರುತ್ತದೆ. ಅಲ್ಲಿ ಅದು ಏರಿದರೆ ಪಗಾರವೂ ಏರುತ್ತದೆ.

ಪ್ಯಾಕೇಜನ್ನು ಮಾತ್ರ ಮೇಲಿನಿಂದ ಕೆಳಕ್ಕೆ ಪಾಲು ಮಾಡುತ್ತಾರೆ. "ವರ್ಷಕ್ಕೆ ಐದು ಲಕ್ಷ" ಎಂದು ಮೊದಲೇ ಮಾತಾಗಿರುತ್ತದೆ, ಆ ಐದು ಲಕ್ಷ ಇನ್ನು ಅಲುಗುವುದಿಲ್ಲ. ಒಳಗಿನ ಒಂದು ಸಾಲು ಹಿಗ್ಗಿದರೆ ಇನ್ನೊಂದು ಕುಗ್ಗಲೇಬೇಕು, ಕುಗ್ಗುವ ಕೆಲಸವನ್ನು ಸ್ಪೆಷಲ್ ಅಲೊವನ್ಸಿಗೆ ಒಪ್ಪಿಸಿರುತ್ತಾರೆ.

ಲೆಕ್ಕ ಮಾಡಿಯೇ ನೋಡೋಣ. ಪ್ಯಾಕೇಜು 5,00,000 ರೂಪಾಯಿ. ಕಂಪನಿಯ ಪದ್ಧತಿಯಂತೆ ಬೇಸಿಕ್ ಪ್ಯಾಕೇಜಿನ ಶೇ 40, ಮನೆ ಬಾಡಿಗೆ ಭತ್ಯೆ ಬೇಸಿಕ್‌ನ ಶೇ 40, ಕಂಪನಿಯ ಪಿಎಫ್ ಪಾಲು ಬೇಸಿಕ್‌ನ ಶೇ 12. ಗ್ರಾಚುಟಿಯನ್ನು ಕೆಲವರು ಪ್ಯಾಕೇಜಿನೊಳಗೆ ತೋರಿಸುತ್ತಾರೆ, ಕೆಲವರು ಹೊರಗಿಡುತ್ತಾರೆ. ಇಲ್ಲಿ ಹೊರಗಿಟ್ಟಿದ್ದೇನೆ.

ವರ್ಷದ ಬೇಸಿಕ್ 2,00,000. ಅದನ್ನು ಹನ್ನೆರಡರಿಂದ ಭಾಗಿಸಿದರೆ 16,666 ರೂಪಾಯಿ 67 ಪೈಸೆ. ಪಗಾರ ಚೀಟಿಯಲ್ಲಿ ಪೈಸೆ ಬೇಡವೆಂದು 16,667 ಮಾಡುತ್ತಾರೆ. ಮನೆ ಬಾಡಿಗೆ 6,667, ಪಿಎಫ್ 2,000. ಮೂರೂ ಸೇರಿ ತಿಂಗಳಿಗೆ 25,334, ವರ್ಷಕ್ಕೆ 3,04,008. ಐದು ಲಕ್ಷದಲ್ಲಿ ಇದನ್ನು ಕಳೆದರೆ 1,95,992 ಉಳಿಯಿತು. ಅದನ್ನು ಹನ್ನೆರಡು ತಿಂಗಳಿಗೆ ಹಂಚಿದರೆ 16,332, ಮೇಲೆ ಎಂಟು ರೂಪಾಯಿ ಬಾಕಿ. ಆ ಎಂಟು ರೂಪಾಯಿಯನ್ನು ಮಾರ್ಚ್ ತಿಂಗಳ ಸ್ಪೆಷಲ್‌ಗೆ ಸೇರಿಸಿ 16,340 ಮಾಡಿದರೆ ವರ್ಷದ ಮೊತ್ತ ಪೂರಾ 5,00,000.

ಇದರಲ್ಲಿ ಮುಖ್ಯವಾದದ್ದು ಕ್ರಮ. ಮೊದಲು ತಿಂಗಳ ಅಂಕಿಯನ್ನು ಪೂರ್ಣ ರೂಪಾಯಿಗೆ ತರಬೇಕು, ಅದನ್ನು ಹನ್ನೆರಡರಿಂದ ಗುಣಿಸಿ ವರ್ಷದ ಅಂಕಿ ಮಾಡಬೇಕು, ಸ್ಪೆಷಲ್ ಅನ್ನು ಎಲ್ಲಕ್ಕಿಂತ ಕೊನೆಗೆ ತೆಗೆಯಬೇಕು. ಹೆಚ್ಚಿನವರು ವರ್ಷದ ಅಂಕಿಯನ್ನೂ ತಿಂಗಳ ಅಂಕಿಯನ್ನೂ ಬೇರೆ ಬೇರೆಯಾಗಿ ಪೂರ್ಣಗೊಳಿಸುತ್ತಾರೆ. ಆಗ ಪತ್ರದ ಎರಡು ಕಾಲಂ ಒಂದಕ್ಕೊಂದು ತಾಳೆಯಾಗುವುದಿಲ್ಲ. ನಾಲ್ಕಾರು ರೂಪಾಯಿಯ ವ್ಯತ್ಯಾಸವೇ ಇರಬಹುದು, ಆದರೆ ಆಡಿಟರ್ ಕೇಳಿದಾಗ ಉತ್ತರವಿರುವುದಿಲ್ಲ. ಎಕ್ಸೆಲ್‌ನಲ್ಲಿ ಇಷ್ಟು ಸಾಕು. B1 ಪ್ಯಾಕೇಜು, B2 ಬೇಸಿಕ್, B3 ಮನೆ ಬಾಡಿಗೆ, B4 ಪಿಎಫ್, B5 ಸ್ಪೆಷಲ್, B6 ಮಾರ್ಚ್‌ಗೆ ಸೇರಿಸುವ ಚಿಲ್ಲರೆ:

```
B1  500000
B2  =ROUND(B1*40%/12,0)
B3  =ROUND(B2*40%,0)
B4  =ROUND(B2*12%,0)
B5  =INT((B1-12*(B2+B3+B4))/12)
B6  =B1-12*(B2+B3+B4+B5)
```

B5ರಲ್ಲಿ ಯಾವ ಶೇಕಡಾವಾರೂ ಇಲ್ಲ, ಗಮನಿಸಿ. ಸಣ್ಣ ಸಂಸ್ಥೆಗಳ ಹಾಳೆಗಳು ಎಡವುವುದು ಇಲ್ಲಿಯೇ. ಬೇಸಿಕ್ ಶೇ 40, ಬಾಡಿಗೆ ಶೇ 16, ಸ್ಪೆಷಲ್ ಶೇ 44 ಎಂದು ಬರೆದು ನೂರಕ್ಕೆ ನೂರು ಆಯಿತೆಂದು ಸಮಾಧಾನಪಡುತ್ತಾರೆ. ಕೆಳಗೆ ಪಿಎಫ್ ಸಾಲು ಬಂದ ಕೂಡಲೇ ಒಟ್ಟು 5,24,000 ಆಗುತ್ತದೆ. ಪತ್ರದ ಮೊದಲ ಪುಟದಲ್ಲಿ ಐದು ಲಕ್ಷ, ಕೊನೆಯ ಪುಟದಲ್ಲಿ ಐದು ಲಕ್ಷದ ಇಪ್ಪತ್ನಾಲ್ಕು ಸಾವಿರ. ಸೇರಿದ ಹುಡುಗ ದೊಡ್ಡ ಅಂಕಿಯನ್ನು ನಂಬುತ್ತಾನೆ, ಮಾಲಕರು ಸಣ್ಣದನ್ನು. ಮೊದಲ ಪಗಾರದ ದಿನ ತಿಂಗಳಿಗೆ ಎರಡು ಸಾವಿರದ ಜಗಳ ಎದ್ದು ನಿಲ್ಲುತ್ತದೆ. ಸ್ಪೆಷಲ್‌ಗೆ ಶೇಕಡಾ ಕೊಟ್ಟ ಹಾಳೆ ಕಂಡರೆ ಅದನ್ನು ಅಲ್ಲಿಯೇ ತಿದ್ದಿಸಬೇಕು.

ಇನ್ನು "ಸ್ಪೆಷಲ್ ಕಟ್ ಮಾಡ್ಯಾರ" ಎಂಬ ದೂರು. 2025ರ ನವೆಂಬರ್ 21ರಂದು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದ ಮೇಲೆ ಹಲವು ಕಂಪನಿಗಳು ಬೇಸಿಕ್ ಅನ್ನು ಪ್ಯಾಕೇಜಿನ ಅರ್ಧಕ್ಕೆ ಏರಿಸುತ್ತಿವೆ. ಅದೇ ಐದು ಲಕ್ಷದಲ್ಲಿ ಬೇಸಿಕ್ ಶೇ 50 ಮಾಡಿದರೆ ತಿಂಗಳಿಗೆ 20,833, ಬಾಡಿಗೆ 8,333, ಪಿಎಫ್ 2,500. ಸ್ಪೆಷಲ್ 16,332ರಿಂದ 10,000ಕ್ಕೆ ಇಳಿಯುತ್ತದೆ. ಆರು ಸಾವಿರ ಹೋಯಿತೆಂದು ಗಾಬರಿಯಾಗುವವರು ಮೇಲಿನ ಎರಡು ಸಾಲು ನೋಡಿರುವುದಿಲ್ಲ. ಕೈಗೆ ಬರುವ ಹಣ ಲೆಕ್ಕ ಹಾಕಿ. ಮೊದಲು 39,666ರಲ್ಲಿ ನೌಕರನ ಪಿಎಫ್ 2,000, ವೃತ್ತಿ ತೆರಿಗೆ 200 ಕಳೆದು 37,466. ಈಗ 39,166ರಲ್ಲಿ 2,500 ಮತ್ತು 200 ಕಳೆದು 36,466. ಕೈಗೆ ಬರುವುದು ತಿಂಗಳಿಗೆ ಸಾವಿರ ಕಡಿಮೆಯಾಗಿದೆ, ನಿಜ. ಆದರೆ ಆ ಸಾವಿರ ಕಂಪನಿಯ ಜೇಬಿಗೆ ಹೋಗಿಲ್ಲ. ನೌಕರನ ಪಾಲಿನ ಐದುನೂರು, ಕಂಪನಿಯ ಪಾಲಿನ ಐದುನೂರು ಸೇರಿ ಪಿಎಫ್ ಖಾತೆಗೆ ಬಿದ್ದಿದೆ. ಪಾಸ್‌ಬುಕ್ ತೆರೆದರೆ ಕಾಣುತ್ತದೆ. ಅಲ್ಲಿ ಕಾಣದಿದ್ದರೆ ಮಾತ್ರ ದೂರಿಗೆ ಅರ್ಥವಿದೆ.

ಒಂದು ಮಾತು ಇಲ್ಲೇ ಹೇಳಬೇಕು. ಬೇಸಿಕ್ ಅರ್ಧ ಇರಲೇಬೇಕು ಎಂದು ವೇತನ ಸಂಹಿತೆ ಹೇಳಿಲ್ಲ. ಮನೆ ಬಾಡಿಗೆ, ಪ್ರಯಾಣ ಭತ್ಯೆ, ಕಂಪನಿಯ ಪಿಎಫ್ ಪಾಲು ಮುಂತಾಗಿ ವೇತನದ ಲೆಕ್ಕದಿಂದ ಹೊರಗಿಟ್ಟ ಬಾಬುಗಳು ಒಟ್ಟಿನ ಅರ್ಧವನ್ನು ಮೀರಿದರೆ, ಮೀರಿದ್ದನ್ನು ವೇತನಕ್ಕೆ ಸೇರಿಸಬೇಕು ಎನ್ನುತ್ತದೆ. ಹೊರಗಿಟ್ಟ ಆ ಪಟ್ಟಿಯಲ್ಲಿ ಸ್ಪೆಷಲ್ ಅಲೊವನ್ಸ್ ಎಂಬ ಹೆಸರಿಲ್ಲ. ಅದಕ್ಕೂ ಮೊದಲೇ, 2019ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟು ಎಲ್ಲ ನೌಕರರಿಗೂ ಸಾರಾಸಗಟಾಗಿ ಕೊಡುವ ವಿಶೇಷ ಭತ್ಯೆ ಪಿಎಫ್ ಲೆಕ್ಕಕ್ಕೆ ಮೂಲ ವೇತನದ ಭಾಗವೇ ಎಂದು ತೀರ್ಪು ಕೊಟ್ಟಿತ್ತು. ಬೇಸಿಕ್ 9,000 ಇಟ್ಟು ಸ್ಪೆಷಲ್ 12,000 ತೋರಿಸಿ 9,000ಕ್ಕಷ್ಟೇ ಪಿಎಫ್ ಕಟ್ಟುವ ಉಪಾಯ ಅಂದಿಗೇ ಮುಗಿಯಿತು. 15,000ದ ಮಿತಿಯವರೆಗೆ ಅದು ಲೆಕ್ಕಕ್ಕೆ ಬರುತ್ತದೆ. ನಮ್ಮ ಉದಾಹರಣೆಯಲ್ಲಿ ಬೇಸಿಕ್ ಒಂದೇ ಆ ಮಿತಿಯನ್ನು ದಾಟಿರುವುದರಿಂದ ಈ ತಕರಾರು ಏಳುವುದಿಲ್ಲ.

ಮನೆ ಬಾಡಿಗೆಯ ಶೇ 40ರ ಬಗ್ಗೆಯೂ ಹುಬ್ಬಳ್ಳಿಯಲ್ಲಿ ಒಂದು ತಪ್ಪು ಗ್ರಹಿಕೆ ಓಡಾಡುತ್ತಿದೆ. ಅಷ್ಟು ಕೊಡಲೇಬೇಕೆಂದು ಆದಾಯ ತೆರಿಗೆ ನಿಯಮ ಕಂಪನಿಗೆ ಹೇಳುವುದಿಲ್ಲ. ತೆರಿಗೆ ವಿನಾಯಿತಿಗೆ ನಮ್ಮ ಊರಿನಲ್ಲಿ ಇರುವ ಒಂದು ಮಿತಿ ಅದು, ಅದೂ ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ. ಬೇಸಿಕ್ ಶೇ 40 ಇದ್ದ ಮೊದಲ ಲೆಕ್ಕದವನೇ ಕೇಶ್ವಾಪುರದಲ್ಲಿ ತಿಂಗಳಿಗೆ 7,000 ಬಾಡಿಗೆ ಕಟ್ಟುವವನು ಅಂದುಕೊಳ್ಳಿ. ವರ್ಷದ ಬಾಡಿಗೆ 84,000ದಲ್ಲಿ ಬೇಸಿಕ್‌ನ ಶೇ 10, ಅಂದರೆ 20,000 ಕಳೆದರೆ 64,000. ಪಡೆದ ಭತ್ಯೆ 80,004, ಶೇ 40ರ ಮಿತಿಯೂ ಹೆಚ್ಚುಕಡಿಮೆ ಅಷ್ಟೇ. ಮೂರರಲ್ಲಿ ಕಡಿಮೆಯಾದ 64,000ಕ್ಕೆ ಮಾತ್ರ ವಿನಾಯಿತಿ. ಉಳಿದ 16,000 ಸ್ಪೆಷಲ್ ಅಲೊವನ್ಸಿನಂತೆಯೇ ಆದಾಯಕ್ಕೆ ಸೇರುತ್ತದೆ. ಹೊಸ ಪದ್ಧತಿಯಲ್ಲಿ ಇರುವವನಿಗೆ ಹಣ ಬಾಡಿಗೆಯ ಸಾಲಿನಲ್ಲಿದ್ದರೂ ಒಂದೇ, ಸ್ಪೆಷಲ್ ಸಾಲಿನಲ್ಲಿದ್ದರೂ ಒಂದೇ. "ಎಚ್‌ಆರ್‌ಎ ಜಾಸ್ತಿ ಮಾಡಸ್ರಿ" ಎಂದು ಅಕೌಂಟ್ಸ್ ವಿಭಾಗಕ್ಕೆ ಹೋಗುವ ಮುನ್ನ ತಾನು ಯಾವ ಪದ್ಧತಿಯಲ್ಲಿದ್ದೇನೆ ಎಂದು ನೋಡಿಕೊಳ್ಳಲಿ.

ಆ ಶೇ 40ಕ್ಕೆ ಅಂಟಿಕೊಂಡವರ ಹಾಳೆಯಲ್ಲೇ ಸ್ಪೆಷಲ್ ಋಣಾತ್ಮಕವಾಗುವುದು. ಪ್ಯಾಕೇಜು 2,40,000, ಅಂದರೆ ತಿಂಗಳಿಗೆ 20,000. ಕನಿಷ್ಠ ವೇತನ ನೋಡಿಕೊಂಡು ಕಂಪನಿ ಬೇಸಿಕ್ ಅನ್ನು 15,000ಕ್ಕೆ ನಿಲ್ಲಿಸಿದೆ. ಬಾಡಿಗೆ ಶೇ 40 ಎಂದರೆ 6,000, ಪಿಎಫ್ 1,800. ಮೂರೂ ಸೇರಿ 22,800 ಆಯಿತು, ಸ್ಪೆಷಲ್ ಸಾಲಿನಲ್ಲಿ ಮೈನಸ್ 2,800 ಬಂದು ಕೂರುತ್ತದೆ. ಅದನ್ನು ಸೊನ್ನೆ ಎಂದು ಬರೆದು ಮುಚ್ಚಿದರೆ ವರ್ಷಕ್ಕೆ 33,600 ಹೆಚ್ಚಾಗುತ್ತದೆ. ಬೇಸಿಕ್ ಇಳಿಸುವಂತಿಲ್ಲ, ಪಿಎಫ್ ಅದಕ್ಕೆ ಕಟ್ಟಿಕೊಂಡಿದೆ. ಇಳಿಯಬಹುದಾದದ್ದು ಬಾಡಿಗೆ ಒಂದೇ: ಅದನ್ನು 3,200 ಮಾಡಿದರೆ 20,000ಕ್ಕೆ ಸರಿಹೋಗುತ್ತದೆ, ಸ್ಪೆಷಲ್ ಸಾಲು ನಿಜಕ್ಕೂ ಸೊನ್ನೆಯಾಗುತ್ತದೆ. ಇಷ್ಟು ಪಗಾರಕ್ಕೆ ಇಎಸ್‌ಐ ಅನ್ವಯಿಸುವ ಸಂಸ್ಥೆಯಾದರೆ ಮಾಲಕರ ಶೇ 3.25ರ ಪಾಲೂ ಇದೆ. ಅದನ್ನೂ ಪ್ಯಾಕೇಜಿನೊಳಗೇ ಎಣಿಸುವವರು ಬಾಡಿಗೆಯನ್ನು ಇನ್ನೂ ಐದಾರುನೂರು ಇಳಿಸಬೇಕಾಗುತ್ತದೆ.