ಜಿಎಸ್‌ಟಿ ಬಿಲ್ಲಿನ ಕೋಷ್ಟಕ: ಒಂದು ಪೈಸೆ ಎಲ್ಲಿಂದ ಬಂತು?

ಅಭ್ಯಾಸಕ್ಕೆಂದು ಎಕ್ಸೆಲ್‌ನಲ್ಲಿ ಮೂರೇ ಸಾಲಿನ ಬಿಲ್ಲು ಮಾಡಿದ್ದೆ. ಸಿಜಿಎಸ್‌ಟಿ ಕಾಲಮ್ಮಿನ ಮೊತ್ತ 66.04 ಎಂದು ತೋರಿಸುತ್ತಿತ್ತು. ಅದೇ ಮೂರು ಅಂಕಿಗಳನ್ನು ಕ್ಯಾಲ್ಕುಲೇಟರಿನಲ್ಲಿ ಕೂಡಿದರೆ 66.03. ಈ ಒಂದು ಪೈಸೆಗಾಗಿ ಒಂದು ಸಂಜೆಯೇ ಕಳೆಯಿತು. ಮರೆಯುವ ಮೊದಲು ಬರೆದಿಡುತ್ತಿದ್ದೇನೆ.

ಕಾಲಮ್ಮುಗಳು ಹೀಗಿವೆ: A ವಿವರ, B ಎಚ್‌ಎಸ್‌ಎನ್, C ಪ್ರಮಾಣ, D ಒಂದರ ಬೆಲೆ, E ರಿಯಾಯಿತಿ ಮೊತ್ತ, F ತೆರಿಗೆಗೆ ಒಳಪಡುವ ಮೌಲ್ಯ, G ತೆರಿಗೆ ದರ, H ಸಿಜಿಎಸ್‌ಟಿ, I ಎಸ್‌ಜಿಎಸ್‌ಟಿ, J ಸಾಲಿನ ಮೊತ್ತ. ಬಿಲ್ಲಿನಲ್ಲೇ ತೋರಿಸಿದ ರಿಯಾಯಿತಿಯನ್ನು ಕಳೆದ ಮೇಲೆ ಉಳಿಯುವುದೇ F. ತೆರಿಗೆ ಬೀಳುವುದು ಅದರ ಮೇಲೆ ಮಾತ್ರ. G ಕಾಲಮ್ಮಿನಲ್ಲಿ 18% ಎಂದು ಶೇಕಡಾ ಚಿಹ್ನೆಯ ಸಮೇತ ಬರೆದರೆ ಒಳಗೆ ಇರುವುದು 0.18. ಆಮೇಲೆ ಮತ್ತೆ 100ರಿಂದ ಭಾಗಿಸಬಾರದು.

ನನ್ನ ಮೂರು ಸಾಲುಗಳು:

- ಸ್ಟೀಲ್ ಲೋಟ: 7 × 47.50 = 332.50, ದರ 5%
- ಎಲ್‌ಇಡಿ ಬಲ್ಬ್: 3 × 89.75 = 269.25, ದರ 18%
- ಎಕ್ಸ್‌ಟೆನ್ಷನ್ ಬೋರ್ಡ್: 413.50ರಲ್ಲಿ 41.35 ರಿಯಾಯಿತಿ ಕಳೆದು 372.15, ದರ 18%

ರಾಜ್ಯದೊಳಗಿನ ಮಾರಾಟವಾದ್ದರಿಂದ ದರ ಎರಡು ಸಮಪಾಲಾಗುತ್ತದೆ. ಲೋಟಕ್ಕೆ 2.5% ಲೆಕ್ಕದಲ್ಲಿ ಸಿಜಿಎಸ್‌ಟಿ 8.3125, ಬಲ್ಬಿಗೆ 9% ಲೆಕ್ಕದಲ್ಲಿ 24.2325, ಬೋರ್ಡಿಗೆ 33.4935. ಎರಡೇ ದಶಮಾಂಶ ಸ್ಥಾನ ತೋರಿಸು ಎಂದು ಸೆಲ್ ಫಾರ್ಮ್ಯಾಟ್ ಮಾಡಿದ್ದೆನಲ್ಲ, ಆದ್ದರಿಂದ ಪರದೆಯ ಮೇಲೆ ಕಂಡದ್ದು 8.31, 24.23, 33.49. ಫಾರ್ಮ್ಯಾಟ್ ಬದಲಿಸುವುದು ಕಾಣುವ ರೂಪವನ್ನು ಮಾತ್ರ, ಒಳಗಿನ ಸಂಖ್ಯೆಯನ್ನಲ್ಲ. SUM ಕೂಡಿದ್ದು ಒಳಗಿನ ಸಂಖ್ಯೆಗಳನ್ನು: 66.0385. ಅದು 66.04 ಆಗಿ ಕಂಡಿತು. ಬಿಲ್ಲು ಕೈಗೆ ಬಂದ ಗ್ರಾಹಕ ಕೂಡುವುದು ಕಾಗದದ ಮೇಲಿನ ಅಂಕಿಗಳನ್ನೇ, ಅವನಿಗೆ ಸಿಗುವುದು 66.03. ಆದ್ದರಿಂದ ಸಾಲಿನಲ್ಲೇ ROUND ಹಾಕಬೇಕು:

```
F2: =ROUND(C2*D2-E2,2)
H2: =ROUND(F2*G2/2,2)
I2: =H2
J2: =F2+H2+I2
```

H2ರ ಸೂತ್ರದಲ್ಲಿ ನಾನು ಇನ್ನೊಮ್ಮೆ ಎಡವಿದೆ. ಮೊದಲು ಪೂರ್ತಿ ತೆರಿಗೆಯನ್ನು ರೌಂಡ್ ಮಾಡಿ, ಆಮೇಲೆ ಅರ್ಧ ಮಾಡಿದರೇನು ಎಂದುಕೊಂಡೆ. ಲೋಟದ ಸಾಲನ್ನೇ ನೋಡಿ. 332.50ರ 5% ಅಂದರೆ 16.625, ರೌಂಡ್ ಮಾಡಿದರೆ 16.63. ಅದರ ಅರ್ಧ 8.315, ಮತ್ತೆ ರೌಂಡ್ ಮಾಡಿದರೆ 8.32. ಎರಡು ಪಾಲು ಸೇರಿ 16.64! ನೇರವಾಗಿ ಅರ್ಧ ದರದಿಂದ ಹೋದರೆ 8.31 ಮತ್ತು 8.31, ಒಟ್ಟು 16.62. ಒಂದೇ ಲೋಟದ ಸಾಲಿಗೆ 16.62, 16.63, 16.64 ಎಂಬ ಮೂರು ಉತ್ತರಗಳು. ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಎರಡೂ ಬೇರೆ ಬೇರೆ ತೆರಿಗೆಗಳು, ಒಂದರ ಎರಡು ತುಂಡುಗಳಲ್ಲ. ಪ್ರತಿಯೊಂದನ್ನೂ ಅದರದೇ ದರದಿಂದ ಲೆಕ್ಕ ಹಾಕಿ, ಒಮ್ಮೆ ಮಾತ್ರ ರೌಂಡ್ ಮಾಡಬೇಕು ಎಂದು ತಲೆಗೆ ಹೋದ ಮೇಲೆ ಗೊಂದಲ ತಿಳಿಯಾಯಿತು. ಸಾಲಿನ ಮೊತ್ತಕ್ಕೆ F2*(1+G2) ಬರೆಯಬಾರದು ಎನ್ನುವುದೂ ಇದೇ ಕಾರಣಕ್ಕೆ. ಅದು ರೌಂಡ್ ಆದ ತೆರಿಗೆಯನ್ನು ಬಿಟ್ಟು ಹೊಸದಾಗಿ ಲೆಕ್ಕ ಹಾಕುತ್ತದೆ.

ಈಗ ಸಾಲಿನ ಮೊತ್ತಗಳು 349.12, 317.71, 439.13. ಕೆಳಗೆ ಕೂಡಿದರೆ 1105.96. ಅಡ್ಡಕ್ಕೆ ಕೂಡಿದರೂ ಅಷ್ಟೇ: 973.90 + 66.03 + 66.03. ಕೊನೆಗೆ ರೂಪಾಯಿಗೆ ಸರಿಹೊಂದಿಸಲು ಪ್ರತ್ಯೇಕ ‘ರೌಂಡ್ ಆಫ್’ ಸಾಲಿನಲ್ಲಿ 0.04 ಸೇರಿಸಿ 1106. ಈ ನಾಲ್ಕು ಪೈಸೆಯನ್ನು F ಅಥವಾ H ಕಾಲಮ್ಮಿನೊಳಗೆ ತುರುಕಬಾರದು.

ಅಡ್ಡ-ಉದ್ದ ಎರಡೂ ತಾಳೆಯಾದರೆ ಬಿಲ್ಲು ಸರಿ ಎಂದು ನಂಬಿದ್ದೆ. ಅದೂ ಮೋಸವೇ. ROUND ಇಲ್ಲದ ನನ್ನ ಹಳೆಯ ಕೋಷ್ಟಕವೂ ಆ ಪರೀಕ್ಷೆಯಲ್ಲಿ ಪಾಸಾಗಿತ್ತು, ಏಕೆಂದರೆ ಎರಡೂ ಕಡೆ ಅವೇ ಉದ್ದದ ದಶಮಾಂಶಗಳಿದ್ದವು. ನಿಜವಾಗಿ ತಪ್ಪು ಹಿಡಿಯುವುದು ಇದು:

```
=ROUND(SUMPRODUCT(ROUND(H2:H4,2))-SUM(H2:H4),4)
```

ಸೊನ್ನೆ ಬಂದರೆ ಕಾಣುವ ಅಂಕಿಗಳ ಮೊತ್ತವೂ ಒಳಗಿನ ಸಂಖ್ಯೆಗಳ ಮೊತ್ತವೂ ಒಂದೇ. ಹಳೆಯ ಕೋಷ್ಟಕದಲ್ಲಿ -0.0085 ಬಂತು.

ಹೊರರಾಜ್ಯದ ಮಾರಾಟಕ್ಕೆ H, I ಎರಡರ ಬದಲು ಐಜಿಎಸ್‌ಟಿಯ ಒಂದೇ ಕಾಲಮ್ಮು, ಸೂತ್ರದಲ್ಲಿ ಎರಡರಿಂದ ಭಾಗಿಸುವುದಿಲ್ಲ. ಅದೇ ಏಳು ಲೋಟಗಳನ್ನು ಬೆಂಗಳೂರಿನಿಂದ ಮೈಸೂರಿಗೆ ಮಾರಿದರೆ ತೆರಿಗೆ 16.62, ಹೊಸೂರಿಗೆ ಮಾರಿದರೆ 16.63. ಇಲ್ಲಿ ಆ ಒಂದು ಪೈಸೆ ತಪ್ಪಲ್ಲ, ಅದನ್ನು ಹುಡುಕುತ್ತಾ ಕೂರಬೇಡಿ.